ಎ3 ಜೆರಾಕ್ಸ್ ಕೊಟ್ಟರೂ ಪತ್ರಿಕೆ ಮುಗಿಯಲಿಲ್ಲ, ಏಕೆ?

ಪ್ರಶ್ನೆ: ಮೇಡಂ, ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತನೇ ತರಗತಿಯ ನನ್ನ ವಿದ್ಯಾರ್ಥಿನಿಗೆ ಹುಟ್ಟಿನಿಂದ ಆಲ್ಬಿನಿಸಂ ಇದೆ, ಅಂದರೆ ಮೈಗೂ ಕಣ್ಣಿಗೂ ಸಹಜ ಬಣ್ಣ ಬಂದಿಲ್ಲ, ಕಣ್ಣುಗುಡ್ಡೆ ಅಲುಗುತ್ತಿರುತ್ತದೆ. ಪುಸ್ತಕವನ್ನು ಮುಖಕ್ಕೆ ತಾಗಿಸಿಕೊಂಡೇ ಓದುತ್ತಾಳೆ. ಜುಲೈ ತಿಂಗಳ ಕಿರುಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನು ಎ3 ಹಾಳೆಗೆ ದೊಡ್ಡದು ಮಾಡಿಸಿ ಕೊಟ್ಟೆ. ಆದರೂ ಅರ್ಧವನ್ನಷ್ಟೇ ಬರೆದಳು. ಬಾಯಿಯಲ್ಲಿ ಕೇಳಿದರೆ ಎಲ್ಲವನ್ನೂ ಸರಿಯಾಗಿ ಹೇಳುತ್ತಾಳೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಈಗಿನಿಂದಲೇ ಬರೆಯಲು ಬೇರೆಯವರನ್ನು ಕೊಡಬೇಕೆ? ಎಷ್ಟು ಹೆಚ್ಚು ಸಮಯ ಕೊಡಬಹುದು?

ಉತ್ತರ: ಸರ್, ಆ ಎ3 ಹಾಳೆಯಿಂದಲೇ ಶುರು ಮಾಡುತ್ತೇನೆ. ಮಗು ಕಳೆದುಕೊಂಡ ಅಂಕಗಳಲ್ಲಿ ದೊಡ್ಡ ಪಾಲು ಆ ಹಾಳೆಯ ಮೇಲೆಯೇ ಹೋಗಿದೆ ಎಂದು ನನಗೆ ಅನ್ನಿಸುತ್ತದೆ.

ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿದರೆ ಅಕ್ಷರ ದೊಡ್ಡದಾಗುವುದು ಸುಮಾರು 1.4 ಪಟ್ಟು ಮಾತ್ರ. 11 ಪಾಯಿಂಟ್ ಇದ್ದದ್ದು ಹದಿನೈದೂವರೆ ಪಾಯಿಂಟ್ ಆಗುತ್ತದೆ. ಆದರೆ ಅದರ ಜೊತೆಗೆ ಸಾಲೂ ಅಷ್ಟೇ ಉದ್ದವಾಗುತ್ತದೆ. ಅವಳು ಹಾಳೆಯನ್ನು ಕಣ್ಣಿನಿಂದ ಎಂಟು ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತಾಳೆ ಎಂದುಕೊಳ್ಳಿ. ಇಪ್ಪತ್ತೈದು ಸೆಂಟಿಮೀಟರ್ ಉದ್ದದ ಸಾಲಿನ ನಡುಭಾಗ ಕಣ್ಣಿಗೆ ಎಂಟು ಸೆಂಟಿಮೀಟರ್ ದೂರದಲ್ಲಿದ್ದರೆ, ಎರಡು ತುದಿಗಳು ಸುಮಾರು ಹದಿನೈದು ಸೆಂಟಿಮೀಟರ್ ದೂರದಲ್ಲಿರುತ್ತವೆ. ಅಂದರೆ ತುದಿಯ ಅಕ್ಷರಗಳು ನಡುವಿನ ಅಕ್ಷರಗಳ ಅರ್ಧದಷ್ಟೇ ಕಾಣುತ್ತವೆ. ಹಾಗಾಗಿ ಪ್ರತಿ ಸಾಲಿಗೂ ತಲೆಯನ್ನೋ ಹಾಳೆಯನ್ನೋ ಪಕ್ಕಕ್ಕೆ ಸರಿಸಬೇಕು, ಮತ್ತೆ ಹಿಂದಕ್ಕೆ ಬಂದು ಮುಂದಿನ ಸಾಲನ್ನು ಹುಡುಕಬೇಕು. ಇದರ ಮೇಲೆ ಡೆಸ್ಕಿನಲ್ಲಿ ಎ3 ಹಾಳೆ ಮತ್ತು ಉತ್ತರ ಪತ್ರಿಕೆ ಎರಡಕ್ಕೂ ಜಾಗವಿರುವುದಿಲ್ಲ. ಜೆರಾಕ್ಸ್ ಯಂತ್ರದ ಶಾಯಿ ಹರಡಿದರೆ 'ಧ', 'ಭ', 'ಫ' ಅಕ್ಷರಗಳ ಹೊಟ್ಟೆಯ ಸೀಳು ಮುಚ್ಚಿಹೋಗಿ 'ದ', 'ಬ', 'ಪ' ಆಗಿಬಿಡುತ್ತವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಪುಸ್ತಕವನ್ನು ಮುಖದ ಹತ್ತಿರ ಹಿಡಿಯುವುದನ್ನು ಯಾರೂ ತಡೆಯಬಾರದು. ಅದರಿಂದ ಕಣ್ಣು ಹಾಳಾಗುವುದಿಲ್ಲ. ಮೂವತ್ತೆರಡು ಸೆಂಟಿಮೀಟರ್ ದೂರದ ಅಕ್ಷರವನ್ನು ಎಂಟು ಸೆಂಟಿಮೀಟರಿಗೆ ತಂದರೆ ಅದು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಅದು ಅವಳೇ ಕಂಡುಕೊಂಡ ಭೂತಗನ್ನಡಿ. ನಾವು ಮಾಡಬೇಕಾದದ್ದು ಅಕ್ಷರವನ್ನು ಸರಿಯಾದ ಗಾತ್ರಕ್ಕೆ ತಂದು, ಅವಳು ಸ್ವಲ್ಪ ದೂರದಿಂದಲೂ ಓದುವಂತೆ ಮಾಡಿ ಕತ್ತು ಬೆನ್ನುಗಳ ನೋವನ್ನು ಕಡಿಮೆ ಮಾಡುವುದು.

ಹಾಗಾದರೆ ಸರಿಯಾದ ಗಾತ್ರ ಯಾವುದು? ಇದನ್ನು ಊಹಿಸಬೇಡಿ, ಅಳೆದು ನೋಡಿ. ಅರ್ಧ ಗಂಟೆಯ ಕೆಲಸ. ಏಳನೇ ತರಗತಿಯ ಮಟ್ಟದ, ಅವಳು ಓದಿರದ ಗದ್ಯದಿಂದ ಅರವತ್ತು ಅರವತ್ತು ಪದಗಳ ಆರು ತುಣುಕುಗಳನ್ನು ಆರಿಸಿ. ಅವುಗಳನ್ನು 12, 16, 20, 24, 28, 32 ಪಾಯಿಂಟ್ ಗಾತ್ರಗಳಲ್ಲಿ ಒಂದೊಂದು ಹಾಳೆಯಲ್ಲಿ ಮುದ್ರಿಸಿ. ಜೋರಾಗಿ ಓದಲು ಹೇಳಿ, ಮೊಬೈಲಿನಲ್ಲಿ ಸಮಯ ಹಿಡಿಯಿರಿ, ತಪ್ಪು ಓದಿದ ಪದಗಳನ್ನು ಗುರುತು ಹಾಕಿಕೊಳ್ಳಿ. ದೊಡ್ಡ ಗಾತ್ರದಿಂದ ಚಿಕ್ಕದಕ್ಕೆ ಇಳಿಯಿರಿ. ಚಿಕ್ಕದರಿಂದ ಶುರು ಮಾಡಿದರೆ ಕಣ್ಣು ಮೊದಲೇ ದಣಿದು ಲೆಕ್ಕ ತಪ್ಪುತ್ತದೆ.

ಹೊಸನಗರದ ಕಡೆಯ ಒಬ್ಬ ಹುಡುಗನಿಗೆ ಇದೇ ತೊಂದರೆ ಇತ್ತು. ಅವನ ಓದನ್ನು ಅಳೆದಾಗ 12 ಪಾಯಿಂಟಿನಲ್ಲಿ ನಿಮಿಷಕ್ಕೆ 22 ಪದ, 16ರಲ್ಲಿ 35, 20ರಲ್ಲಿ 44, 24ರಲ್ಲಿ 51, 28ರಲ್ಲಿ 52, 32ರಲ್ಲಿ 47 ಪದ ಬಂತು. 24ರವರೆಗೆ ವೇಗ ಏರಿತು, ಅಲ್ಲಿಂದ ಮುಂದೆ ನಿಂತಿತು, 32ಕ್ಕೆ ಹೋದಾಗ ಕುಸಿಯಿತು. ಅಷ್ಟು ದೊಡ್ಡ ಅಕ್ಷರದಲ್ಲಿ ಒಂದು ಸಾಲಿಗೆ ಮೂರು ನಾಲ್ಕು ಪದಗಳಷ್ಟೇ ಹಿಡಿಯುವುದರಿಂದ ಸಾಲು ಹುಡುಕುವುದರಲ್ಲಿಯೇ ಹೊತ್ತು ಹೋಗುತ್ತಿತ್ತು. ವೇಗ ಏರುವುದು ಎಲ್ಲಿ ನಿಲ್ಲುತ್ತದೆಯೋ ಅದೇ ಪರೀಕ್ಷೆಗೆ ತಕ್ಕ ಗಾತ್ರ. ಅವನಿಗೆ ಅದು 24. ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ಆರುನೂರು ಪದಗಳಿದ್ದರೆ 12 ಪಾಯಿಂಟಿನಲ್ಲಿ ಒಮ್ಮೆ ಓದಲು ಅವನಿಗೆ 27 ನಿಮಿಷ ಬೇಕಿತ್ತು, 24ರಲ್ಲಿ 12 ನಿಮಿಷ ಸಾಕಾಯಿತು. ಯಾರ ಅನುಮತಿಯನ್ನೂ ಕೇಳದೆ ಕಾಲು ಗಂಟೆ ಅವನ ಕೈಗೆ ಮರಳಿ ಬಂತು. ಹೆಚ್ಚುವರಿ ಸಮಯ, ಮಗು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರ ಎಂಬ ಮಾತುಗಳಿಗೆ ಮೊದಲು ಕಾಗದವನ್ನು ಸರಿಪಡಿಸಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಎಲ್ಲರಿಗೂ ದೊಡ್ಡಕ್ಷರವೇ ಮದ್ದು ಎಂದೂ ಭಾವಿಸಬೇಡಿ. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವ ಮಗುವಿಗೆ ನೋಟದ ಸುತ್ತಳತೆಯೇ ಕುಗ್ಗುತ್ತಾ ಹೋಗುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ನಡುವಿನ ನೋಟ ಚೆನ್ನಾಗಿರುವವರೆಗೆ ಅಂಥ ಮಗುವಿಗೆ 24 ಪಾಯಿಂಟ್ ಕೊಟ್ಟರೆ ಒಂದು ಪದವೂ ಪೂರ್ತಿಯಾಗಿ ಆ ಕೊಳವೆಯೊಳಗೆ ಹಿಡಿಯುವುದಿಲ್ಲ. ಅದಕ್ಕೆ 14 ಪಾಯಿಂಟ್ ಮತ್ತು ಒಳ್ಳೆಯ ಬೆಳಕು ಹೆಚ್ಚು ಅನುಕೂಲ. ಅಳೆದು ನೋಡಿದರೆ ಮಾತ್ರ ಇದು ತಿಳಿಯುತ್ತದೆ.

ಗಾತ್ರ ಗೊತ್ತಾದ ಮೇಲೆ ಪತ್ರಿಕೆಯನ್ನು ಹಿಗ್ಗಿಸಬೇಡಿ, ಹೊಸದಾಗಿ ಟೈಪ್ ಮಾಡಿ ಎ4ನಲ್ಲಿಯೇ ಕೂರಿಸಿ. 24 ಪಾಯಿಂಟಿನಲ್ಲಿ ಒಂದು ಸಾಲಿಗೆ ಐದು ಪದಗಳಷ್ಟು ಬರುತ್ತವೆ. ಅದು ಅವಳ ನೋಟಕ್ಕೆ ಹದವಾದ ಅಗಲ. ಅಕ್ಷರದ ಗೆರೆ ಎಲ್ಲೆಡೆ ಒಂದೇ ದಪ್ಪವಿರುವ ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಇರಲಿ. ಕನ್ನಡದಲ್ಲಿ ಸಾಲುಗಳ ನಡುವಿನ ಅಂತರಕ್ಕೆ ವಿಶೇಷ ಗಮನ ಕೊಡಬೇಕು. ಗಣಿತದ ಪದಗಳನ್ನೇ ನೋಡಿ. ವೃತ್ತ, ತ್ರಿಜ್ಯ, ಸ್ಪರ್ಶಕ, ಎಲ್ಲದಕ್ಕೂ ಒತ್ತುಗಳಿವೆ. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಬಹಳ ಚಿಕ್ಕದು, ಅದು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಎರಡೂ ಕಲಸಿಹೋಗುತ್ತವೆ. ಅಂತರ ಒಂದೂವರೆ ಪಟ್ಟು ಇರಲಿ. ಎಡಬದಿಗೆ ಮಾತ್ರ ಸಾಲು ಹೊಂದಿಸಿ, ಎರಡೂ ಬದಿ ಸಮ ಮಾಡಲು ಹೋದರೆ ಪದಗಳ ನಡುವೆ ಹಳ್ಳ ಬೀಳುತ್ತದೆ.

ಗಣಿತದಲ್ಲಿ ಇನ್ನೊಂದು ಅಪಾಯವಿದೆ. ಅಕ್ಷರವನ್ನು 24 ಮಾಡಿದರೂ x² ಎಂಬುದರ ಮೇಲಿನ ಎರಡು ಹದಿನಾಲ್ಕರ ಆಸುಪಾಸಿನಲ್ಲಿಯೇ ಉಳಿಯುತ್ತದೆ, ಮಗು ಅದನ್ನು x³ ಎಂದು ಓದಿ ಇಡೀ ಲೆಕ್ಕವನ್ನು ಸರಿಯಾದ ಕ್ರಮದಲ್ಲಿ ತಪ್ಪಾಗಿ ಮಾಡುತ್ತದೆ. ನೀವು ಮೌಲ್ಯಮಾಪನ ಮಾಡುವಾಗ ಹೀಗೆ ಕ್ರಮ ಸರಿಯಿದ್ದು ಸಂಖ್ಯೆ ತಪ್ಪಿದ ಉತ್ತರಗಳು ಕಂಡರೆ, ಅವಳಿಗೆ ಪಾಠ ಬಂದಿಲ್ಲವೆಂದಲ್ಲ, ಮುದ್ರಣ ಕಂಡಿಲ್ಲ ಎಂದು ತಿಳಿಯಿರಿ. ಘಾತಾಂಕವನ್ನು ಪ್ರತ್ಯೇಕವಾಗಿ 18ಕ್ಕೆ ಏರಿಸಿ. ಭಿನ್ನರಾಶಿಯನ್ನು ಓರೆಗೆರೆ ಹಾಕದೆ ಮೇಲೆ ಕೆಳಗೆ ಬರೆಯಿರಿ. ಋಣ ಚಿಹ್ನೆಯನ್ನು ಉದ್ದವಾಗಿ, ದಶಮಾಂಶ ಬಿಂದುವನ್ನು ದಪ್ಪವಾಗಿ ಮಾಡಿ. ಆಕೃತಿಗಳ ಗೆರೆ ದಪ್ಪಗಿರಲಿ, ಒಳಗೆ ಬೂದು ಬಣ್ಣ ತುಂಬಬೇಡಿ, ಬಿಂದುಗಳ ಹೆಸರುಗಳು ಗೆರೆಗೆ ತಾಗದಂತೆ ಹೊರಗಿರಲಿ. ಗ್ರಾಫ್ ಹಾಳೆಯ ಮಿಲಿಮೀಟರ್ ಚೌಕಗಳು ಅವಳಿಗೆ ಒಂದು ಹಸಿರು ಮಂಜು ಅಷ್ಟೇ. ಒಂದು ಸೆಂಟಿಮೀಟರ್ ಚೌಕಗಳನ್ನು ಮಾತ್ರ ಕಪ್ಪು ಗೆರೆಯಲ್ಲಿ ಎಳೆದ ಹಾಳೆ ಮಾಡಿಕೊಡಿ, ಅದಕ್ಕೆ ಹೊಂದುವ ಪ್ರಮಾಣವನ್ನೇ ಪ್ರಶ್ನೆಯಲ್ಲಿ ಕೊಡಿ.

ಎರಡು ಪುಟದ ಪತ್ರಿಕೆ ಹೀಗೆ ಎಂಟೊಂಬತ್ತು ಪುಟವಾಗುತ್ತದೆ. ಒಂದೇ ಬದಿಗೆ ಮುದ್ರಿಸಿ, ಕೆಳಗಿನ ಹಾಳೆಯ ಅಕ್ಷರ ಮಸುಕಾಗಿ ಕಾಣದಷ್ಟು ದಪ್ಪದ, ಹೊಳಪಿಲ್ಲದ ಕಾಗದ ಬಳಸಿ. ಒಂದು ಪ್ರಶ್ನೆ ಎರಡು ಪುಟಕ್ಕೆ ಒಡೆಯದಿರಲಿ. ಬಹು ಆಯ್ಕೆಯ ಪ್ರಶ್ನೆಯ ನಾಲ್ಕೂ ಉತ್ತರಗಳು ಒಂದರ ಕೆಳಗೊಂದು ಬರಲಿ. ಮಳೆಗಾಲದಲ್ಲಿ ಕಾಗದ ಒದ್ದೆಯಾದೀತೆಂದು ಕೆಲವರು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಕೊಡುತ್ತಾರೆ. ಪ್ರೀತಿಯಿಂದ ಮಾಡುವ ಕೆಲಸ, ಆದರೆ ಆಲ್ಬಿನಿಸಂ ಇರುವ ಕಣ್ಣಿಗೆ ಆ ಹೊಳಪು ಚುಚ್ಚುತ್ತದೆ. ಅದರ ಬದಲು ಕಪ್ಪು ಡ್ರಾಯಿಂಗ್ ಕಾಗದದಲ್ಲಿ ಎರಡೂವರೆ ಸೆಂಟಿಮೀಟರ್ ಎತ್ತರದ, ಸಾಲಿನಷ್ಟೇ ಉದ್ದದ ಕಿಂಡಿ ಕತ್ತರಿಸಿ ಕೊಡಿ. ಅದನ್ನು ಹಾಳೆಯ ಮೇಲಿಟ್ಟರೆ ಎರಡೇ ಸಾಲು ಕಾಣುತ್ತವೆ, ಉಳಿದ ಬಿಳುಪು ಮರೆಯಾಗುತ್ತದೆ, ಸಾಲು ತಪ್ಪುವುದಿಲ್ಲ. ಉತ್ತರ ಬರೆಯಲು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಂತರದ ದಪ್ಪ ಗೆರೆಗಳ ಹಾಳೆ, ದಪ್ಪ ಮೊನೆಯ ಕಪ್ಪು ಜೆಲ್ ಪೆನ್ನು ಬೇಕು. ನೀಲಿ ಬಾಲ್ ಪೆನ್ನಿನಲ್ಲಿ ತಾನೇ ಬರೆದದ್ದನ್ನು ಅವಳು ಮತ್ತೆ ಓದಲಾರಳು. ಊರಿನ ಬಡಗಿಯಿಂದ ಓರೆಯಾಗಿ ನಿಲ್ಲುವ ಒಂದು ಹಲಗೆ ಮಾಡಿಸಿದರೆ ಪತ್ರಿಕೆ ಅವಳ ಮುಖದ ಬಳಿಗೆ ಏರುತ್ತದೆ, ಅವಳು ಬಾಗಬೇಕಾಗುವುದಿಲ್ಲ.

ಜುಲೈ ಎಂದಿರಿ. ನಿಮ್ಮ ಕಡೆಯ ಜುಲೈಯಲ್ಲಿ ಮಧ್ಯಾಹ್ನವೂ ತರಗತಿಯಲ್ಲಿ ಮುಸ್ಸಂಜೆಯ ಬೆಳಕು, ಮೇಲೆ ಕರೆಂಟಿಲ್ಲ. ಎಲ್ಲರೂ ಅವಳನ್ನು ಕಿಟಕಿಗೆ ಎದುರಾಗಿ ಕೂರಿಸುತ್ತಾರೆ. ಪಾಪೆಯ ಸುತ್ತಲಿನ ಬಣ್ಣವಿಲ್ಲದ ಪೊರೆ ಬೆಳಕನ್ನು ತಡೆಯುವುದಿಲ್ಲವಾದ್ದರಿಂದ ಎದುರಿನ ಬೆಳಕು ಅವಳ ನೋಟವನ್ನೇ ತೊಳೆದುಹಾಕುತ್ತದೆ. ಕಿಟಕಿ ಪಕ್ಕದಲ್ಲಿಯೋ ಬೆನ್ನ ಹಿಂದೆಯೋ ಇರಲಿ. ಬ್ಯಾಟರಿಯ ಎಲ್‌ಇಡಿ ದೀಪವನ್ನು ಬರೆಯುವ ಕೈಗೆ ವಿರುದ್ಧ ಬದಿಯಲ್ಲಿ, ಕಣ್ಣಿಗಿಂತ ಕೆಳಗೆ, ಬೆಳಕು ಕಾಗದಕ್ಕೆ ಮಾತ್ರ ಬೀಳುವಂತೆ ಇಡಿ. ಎಷ್ಟು ಬೆಳಕು ಸಾಕು ಎಂಬುದನ್ನು ಅವಳೇ ಹೇಳಲಿ. ತಲೆಯನ್ನು ಓರೆ ಮಾಡಿ ಓದಿದರೆ ನೇರ ಮಾಡಿಸಬೇಡಿ, ಆ ಕೋನದಲ್ಲಿ ಕಣ್ಣುಗುಡ್ಡೆಯ ಅಲುಗಾಟ ಕಡಿಮೆಯಾಗಿ ಅಕ್ಷರ ನಿಲ್ಲುತ್ತದೆ.

ಈಗ ಸಮಯದ ವಿಷಯ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೇ ಕಲಂ ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ಸೌಲಭ್ಯವನ್ನು ಹೆಸರಿಸಿಯೇ ಹೇಳುತ್ತದೆ. ಕೇಂದ್ರ ಸರ್ಕಾರ 2018ರ ಆಗಸ್ಟ್ 29ರಂದು ಹೊರಡಿಸಿದ ಮಾರ್ಗಸೂಚಿಯಂತೆ ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಪರಿಹಾರ ಸಮಯ ಸಿಗಬೇಕು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ, ಒಂದೂವರೆ ಗಂಟೆಯದಕ್ಕೆ ಅರ್ಧ ಗಂಟೆ. ಗಂಟೆಗಿಂತ ಚಿಕ್ಕ ಪರೀಕ್ಷೆಗೆ ಅದೇ ಅನುಪಾತ, ಐದರ ಗುಣಕದಲ್ಲಿ. ನಿಮ್ಮ ನಲವತ್ತು ನಿಮಿಷದ ಕಿರುಪರೀಕ್ಷೆಗೆ ಹದಿಮೂರು ಚಿಲ್ಲರೆ ಎಂದಾಗುತ್ತದೆ, ಹದಿನೈದು ಕೊಡಿ. ಬಹಳ ಶಾಲೆಗಳಲ್ಲಿ ಲಿಪಿಕಾರರನ್ನು ತೆಗೆದುಕೊಂಡರೆ ಮಾತ್ರ ಹೆಚ್ಚು ಸಮಯ ಎಂಬ ತಪ್ಪು ತಿಳಿವಳಿಕೆ ಇದೆ. ಸ್ವಂತ ಕೈಯಲ್ಲಿ ಬರೆಯುವವರಿಗೂ ಆ ಸಮಯ ಇದೆ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಆದರೆ ದಣಿದ ಕಣ್ಣಿಗೆ ಕೊನೆಯ ಒಂದು ಗಂಟೆ ಸೇರಿಸಿದರೆ ಸಿಗುವ ಲಾಭ ಕಡಿಮೆ. ದಣಿವು ಮತ್ತು ಆತಂಕದಲ್ಲಿ ಕಣ್ಣಿನ ಅಲುಗಾಟ ಹೆಚ್ಚುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಮೂರು ನಾಲ್ಕು ನಿಮಿಷ ಪೆನ್ನಿಟ್ಟು ಕಣ್ಣು ಮುಚ್ಚಿ ಕೂರುವುದನ್ನು ಈಗಲೇ ಅಭ್ಯಾಸ ಮಾಡಿಸಿ. ಇನ್ನೊಂದು, ಬಸ್ಸು. ಸಂಜೆ ಪರೀಕ್ಷೆ ಮುಗಿದ ಮೇಲೆ ಅರ್ಧ ಗಂಟೆ ಹೆಚ್ಚು ಕೊಟ್ಟರೆ, ಘಟ್ಟದ ಅಂಚಿನ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ ಎಂದು ಮಗು ಆ ಸಮಯವನ್ನೇ ಬಿಟ್ಟು ಎದ್ದು ಹೋಗುತ್ತದೆ. ಕೇಳಿದರೆ "ಮುಗಿಯಿತು ಸರ್" ಎನ್ನುತ್ತದೆ. ಶಾಲೆಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವನ್ನು ಹಿಂದಕ್ಕೆ ಸೇರಿಸದೆ ಮುಂದಕ್ಕೆ ಸೇರಿಸಿ, ಅಂದರೆ ಅವಳು ಉಳಿದವರಿಗಿಂತ ಮೊದಲೇ ಆರಂಭಿಸಲಿ, ಉಳಿದವರ ಜೊತೆಗೆ ಮುಗಿಸಲಿ.

ಇನ್ನು ಲಿಪಿಕಾರರು, ಎಲ್ಲರೂ ಸ್ಕ್ರೈಬ್ ಎನ್ನುವವರು. ಇಲ್ಲಿ ಮಂದದೃಷ್ಟಿಯ ಮಕ್ಕಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಾಯ್ದೆ ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆ ಬೇರೆಯಾಗಿ ವಿವರಿಸುತ್ತದೆ. ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಂಧತ್ವ, 6/18ಕ್ಕಿಂತ ಕಡಿಮೆ ಇದ್ದು 3/60ರವರೆಗೆ ಇದ್ದರೆ ಮಂದದೃಷ್ಟಿ. 3/60 ಎಂದರೆ ಸಾಮಾನ್ಯ ಕಣ್ಣಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದಷ್ಟೇ ಕಾಣುವುದು. 2018ರ ಮಾರ್ಗಸೂಚಿಯಲ್ಲಿ ಅಂಧತ್ವ ಇರುವವರು ಬಯಸಿದರೆ ಸಾಕು, ಲಿಪಿಕಾರರು ಸಿಗುತ್ತಾರೆ. ಮಂದದೃಷ್ಟಿಯವರಿಗೆ ಹಾಗಲ್ಲ. ಬರೆಯಲು ದೈಹಿಕ ಮಿತಿ ಇದೆ, ಲಿಪಿಕಾರರು ಅಗತ್ಯ ಎಂದು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆ ಎಂದು ನೆಮ್ಮದಿಯಾಗಿ ಕೂತವರು ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ಆ ಪತ್ರ ಬೇಕೆಂದರೆ ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಗೆ ಬೇಸಿಗೆ ರಜೆಯಲ್ಲಿಯೇ ಹೋಗಿಬನ್ನಿ. ವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಎಂದು ಬಂದರೂ ಬಾಗಿಲು ಮುಚ್ಚಿಲ್ಲ. 2021ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2022ರ ಆಗಸ್ಟ್ 10ರಂದು, ಬರೆಯಲು ಕಷ್ಟವಿರುವ ಅಂಥವರಿಗೂ ವೈದ್ಯಕೀಯ ಪತ್ರದ ಆಧಾರದ ಮೇಲೆ ಈ ಸೌಲಭ್ಯ ಕೊಡುವ ಮಾರ್ಗಸೂಚಿ ಬಂತು.

ಅವಳಿಗೆ ಲಿಪಿಕಾರರು ಬೇಕೇ ಎಂಬುದಕ್ಕೆ ನನ್ನ ಉತ್ತರ: ಗಣಿತಕ್ಕೆ ಬೇಡ. ಗಣಿತದಲ್ಲಿ ಬರವಣಿಗೆಯೇ ಯೋಚನೆ. "ಎ ಪ್ಲಸ್ ಬಿ, ಭಾಗಿಸು ಸಿ" ಎಂದು ಅವಳು ಹೇಳಿದರೆ ಭಾಗಿಸಬೇಕಾದದ್ದು ಬಿ ಒಂದನ್ನೋ ಎರಡರ ಮೊತ್ತವನ್ನೋ ಎಂಬುದು ಬರೆಯುವವರಿಗೆ ಗೊತ್ತಾಗುವುದಿಲ್ಲ. ಅವರು ಏನು ಬರೆದರು ಎಂದು ಅವಳು ಬಾಗಿ ನೋಡಬೇಕು, ಅದು ಅವರ ಕೈಬರಹದಲ್ಲಿ, ಅವರ ಗಾತ್ರದಲ್ಲಿ ಇರುತ್ತದೆ. ಹೇಳಿ ಬರೆಸುವುದು ಒಂದು ಬೇರೆಯೇ ವಿದ್ಯೆ. ಅದನ್ನು ತಿಂಗಳುಗಟ್ಟಲೆ ಕಲಿಯದೆ ಪರೀಕ್ಷೆಯ ದಿನ ಕೂತರೆ ಇದ್ದ ಅಂಕವೂ ಹೋಗುತ್ತದೆ. ಪುಟಗಟ್ಟಲೆ ಬರೆಯಬೇಕಾದ ಸಮಾಜ ವಿಜ್ಞಾನದಲ್ಲಿ ಮಾತ್ರ ಒಮ್ಮೆ ಪರೀಕ್ಷಿಸಿ ನೋಡಿ. ಒಂದು ಕಿರುಪರೀಕ್ಷೆ ಸ್ವಂತ ಕೈಯಲ್ಲಿ, ಇನ್ನೊಂದು ಲಿಪಿಕಾರರಿಂದ. ಮಾರ್ಗಸೂಚಿಯಂತೆ ಒಂದೊಂದು ವಿಷಯಕ್ಕೆ ಬೇರೆ ಬೇರೆ ಲಿಪಿಕಾರರನ್ನೂ ತೆಗೆದುಕೊಳ್ಳಬಹುದು, ಆದ್ದರಿಂದ ಎಲ್ಲ ವಿಷಯಕ್ಕೂ ಒಂದೇ ತೀರ್ಮಾನ ಮಾಡಬೇಕಾಗಿಲ್ಲ.

ತೆಗೆದುಕೊಳ್ಳುವುದಾದರೆ, ಅಭ್ಯರ್ಥಿಯೇ ಕರೆತರುವ ಲಿಪಿಕಾರರ ಓದು ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕು ಎಂದು 2018ರ ಮಾರ್ಗಸೂಚಿಯಲ್ಲಿತ್ತು. ಪರೀಕ್ಷಾ ಸಂಸ್ಥೆಯೇ ಕೊಡುವುದಾದರೆ ಎರಡು ದಿನ ಮೊದಲು ಭೇಟಿ ಮಾಡಿಸಬೇಕು. ಲಿಪಿಕಾರರು ಕೇಳಿದ್ದನ್ನು ಕೇಳಿದಂತೆಯೇ, ತಪ್ಪಿದ್ದರೆ ತಪ್ಪಾಗಿಯೇ ಬರೆಯಬೇಕು. ಕೇಳಿದಾಗ ಓದಿ ಹೇಳಬೇಕು. ತಿದ್ದಬಾರದು, ಸಂಕ್ಷೇಪ ಮಾಡಬಾರದು, 'ಇನ್ನೊಮ್ಮೆ ಯೋಚಿಸು' ಎಂದು ಸನ್ನೆ ಮಾಡಲೂಬಾರದು. ಬೇರೆಯವರಿಗೆ ಕೇಳದಂತೆ ಪ್ರತ್ಯೇಕ ಕೊಠಡಿ ಇದ್ದರೆ ಅವಳು ಗಟ್ಟಿಯಾಗಿ ಹೇಳಬಲ್ಲಳು, ಇಲ್ಲವಾದರೆ ಸಂಕೋಚದಿಂದ ಅರ್ಧ ಹೇಳಿ ನಿಲ್ಲಿಸುತ್ತಾಳೆ. ಹುಡುಕುವಾಗ ಒಬ್ಬರನ್ನಲ್ಲ, ಇಬ್ಬರನ್ನು ಹುಡುಕಿ. ರಸ್ತೆಗೆ ಮರ ಬಿದ್ದು ಒಬ್ಬರು ಬಾರದೆ ಹೋಗುವುದು ಮಲೆನಾಡಿನಲ್ಲಿ ಅಪರೂಪವಲ್ಲ, ತುರ್ತು ಸಂದರ್ಭದಲ್ಲಿ ಬದಲಾಯಿಸಲು ಮಾರ್ಗಸೂಚಿಯೂ ಅವಕಾಶ ಕೊಡುತ್ತದೆ.

ಹತ್ತನೇ ತರಗತಿಯ ನೋಂದಣಿಯ ಹೊತ್ತಿಗೆ ಮುಖ್ಯ ಶಿಕ್ಷಕರ ಮೂಲಕ ಅರ್ಜಿ ಹೋಗಬೇಕು. ಆ ವರ್ಷದ ಮಂಡಳಿಯ ಸುತ್ತೋಲೆಯನ್ನು ಬಿಇಒ ಕಚೇರಿಯಲ್ಲಿ ಕೇಳಿ ಪಡೆಯಿರಿ, ನಿಮ್ಮ ಬ್ಲಾಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಜೊತೆಗೆ ಸೇರಿಸಿಕೊಳ್ಳಿ. ದೊಡ್ಡಕ್ಷರದ ಪತ್ರಿಕೆ ಬೇಕು ಎಂದಷ್ಟೇ ಬರೆಯದೆ ಎಷ್ಟು ಪಾಯಿಂಟ್ ಎಂದು ಬರೆಯಿರಿ, ಉತ್ತರವನ್ನೂ ಬರಹದಲ್ಲಿಯೇ ಕೇಳಿ. ನಿಮ್ಮ ಶಾಲೆಯಲ್ಲಿ 24ರಲ್ಲಿ ಓದಿದಳೆಂದು ಪರೀಕ್ಷೆಯಲ್ಲಿಯೂ ಅದೇ ಗಾತ್ರ ಸಿಗುತ್ತದೆ ಎಂಬ ಭರವಸೆಯಿಲ್ಲ. ಆದ್ದರಿಂದ ಕಾಗದದ ಮೇಲೆ ಇಟ್ಟು ಸರಿಸುವ ಗುಮ್ಮಟದಾಕಾರದ ಭೂತಗನ್ನಡಿಯಲ್ಲಿ ಸಾಮಾನ್ಯ ಪತ್ರಿಕೆ ಓದುವುದನ್ನೂ ವಾರಕ್ಕೆ ಎರಡು ದಿನ ರೂಢಿ ಮಾಡಿಸಿ.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಒಂದು ಕೆಲಸ ಮಾಡಿ. ಸಾಮಾನ್ಯ ಅವಧಿಯಷ್ಟು ಹೊತ್ತು ಬರೆದ ಕ್ಷಣದಲ್ಲಿ ಅವಳು ಯಾವ ಸಾಲಿನಲ್ಲಿದ್ದಾಳೋ ಅಲ್ಲಿ ಅಂಚಿನಲ್ಲಿ ಕೆಂಪು ಗೆರೆ ಎಳೆದು ವೇಳೆ ಬರೆಯಿರಿ. ಗೆರೆಯ ಕೆಳಗೆ ಪೂರ್ಣ ಉತ್ತರಗಳಿದ್ದರೆ ಸಮಯ ಅವಳಿಗೆ ಕೆಲಸ ಮಾಡಿದೆ. ಕೆಳಗೆ ಅಕ್ಷರ ಕೆಟ್ಟು, ಸಾಲು ತಪ್ಪಿ, ಉತ್ತರಗಳು ಅರ್ಧಕ್ಕೇ ನಿಂತಿದ್ದರೆ ಕಣ್ಣು ದಣಿದಿದೆ, ವಿರಾಮವನ್ನು ಹೆಚ್ಚಿಸಬೇಕು. ಮೌಖಿಕವಾಗಿ ಗೊತ್ತಿದ್ದೂ ಇಡೀ ಪ್ರಶ್ನೆಗಳೇ ಬಿಟ್ಟುಹೋಗಿದ್ದರೆ ಪುಟದ ಜೋಡಣೆಯನ್ನು ಮತ್ತೆ ನೋಡಿ. ಆ ಉತ್ತರ ಪತ್ರಿಕೆಯ ಜೆರಾಕ್ಸ್ ಪ್ರತಿಯನ್ನು, ಓದಿನ ವೇಗದ ಹಾಳೆಯ ಜೊತೆಗೆ, ಅವಳ ಕಡತದಲ್ಲಿಡಿ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವೈದ್ಯರ ಬಳಿಗೆ ಹೋಗುವಾಗ ಅವೆರಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.